ಬಿತ್ತನೆ ಮುಗಿದಿದೆ, ಗೋವಿನಜೋಳದ ಸುಳಿಯಲ್ಲಿ ಲದ್ದಿಹುಳು: ಮುಂದೇನು ಮಾಡಲಿ?

ಎಲ್ಲರಿಗೂ ನಮಸ್ಕಾರ. ರಾಣೆಬೆನ್ನೂರು ಕಡೆಯಿಂದ ಬರೆಯುತ್ತಿದ್ದೇನೆ. ಮೊದಲು ನಮ್ಮ ಕಡೆಯ ಬಿತ್ತನೆ ಸುದ್ದಿ, ಆಮೇಲೆ ಹುಳುವಿನ ವಿಷಯ. ಅವಸರ ಇದ್ದವರು ನೇರವಾಗಿ ಹುಳುವಿಗೇ ಬನ್ನಿ, ನನಗೆ ಬೇಕಾಗಿರುವುದೂ ಅದೇ.

ರೋಹಿಣಿ ಮಳೆ ಹೆಸರಿಗಷ್ಟೇ ಬಂತು. ಮಿರಗದ ಮಳೆ ಮಾತ್ರ ಚೆನ್ನಾಗಿ ಆಯಿತು, ಎರೆ ಹೊಲಕ್ಕೂ ಮಸಾರಿಗೂ ಒಳ್ಳೆ ಹದ ಸಿಕ್ಕಿತು. ಆ ಹದದಲ್ಲೇ ಎರಡು ಎಕರೆ ಗೋವಿನಜೋಳ ಬಿತ್ತಿದೆವು. ಆರಿದ್ರಾ ಕೈಕೊಟ್ಟಿತು. ಹದಿನೈದು ದಿನ ಬರೀ ಗಾಳಿ, ಮೋಡ. ಉಳಿದ ಎರಡು ಎಕರೆಯನ್ನು ಪುನರ್ವಸು ಶುರುವಾದ ಮೇಲೆ ಬಿತ್ತಬೇಕಾಯಿತು. ಹಾಗಾಗಿ ಒಂದೇ ಹೊಲದಲ್ಲಿ ಈಗ ಎರಡು ವಯಸ್ಸಿನ ಬೆಳೆ. ಮೊದಲಿನದು ಮೊಣಕಾಲುದ್ದ ಬಂದಿದೆ, ಎರಡನೆಯದು ಈಗ ಮೂರು-ನಾಲ್ಕು ಎಲೆ. ಎಂಟು ಸಾಲಿಗೊಮ್ಮೆ ತೊಗರಿ ಅಕ್ಕಡಿ ಹಾಕಿದ್ದೇವೆ. ಸೋಯಾ ಒಂದು ಎಕರೆ, ಅದರ ಹುಟ್ಟು ಚೆನ್ನಾಗಿದೆ. ಹತ್ತಿ ಈ ಸಲ ಬಿಟ್ಟೆವು, ಬಿಡಿಸೋಕೆ ಆಳು ಸಿಗಲ್ಲ.

ಈಗ ಹುಳು. ಮೊದಲು ಬಿತ್ತಿದ ಹೊಲದಲ್ಲಿ ಎಡೆ ಹೊಡೆಯುವಾಗ ಎಲೆ ಮೇಲೆ ಸಾಲಾಗಿ ತೂತು ಕಂಡಿತು. ಬಗ್ಗಿ ಸುಳಿ ಬಿಡಿಸಿ ನೋಡಿದರೆ ಒಳಗೆ ಕಟ್ಟಿಗೆ ಹೊಟ್ಟಿನಂತಹ ಹಸಿ ಹಿಕ್ಕೆ ತುಂಬಿಕೊಂಡಿದೆ. ಅದನ್ನು ಕಡ್ಡಿಯಿಂದ ಸರಿಸಿದರೆ ಅಡಿಯಲ್ಲಿ ಹುಳು. ತಲೆ ಮೇಲೆ ತಿರುವಿಟ್ಟ ವೈ ಆಕಾರದ ಬಿಳಿ ಗೆರೆ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಅನುಮಾನವೇ ಇಲ್ಲ, ಅದೇ ಸೈನಿಕ ಹುಳು. 2018ರಲ್ಲಿ ದೇಶದಲ್ಲೇ ಮೊದಲು ನಮ್ಮ ರಾಜ್ಯದಲ್ಲಿ ಕಾಣಿಸಿಕೊಂಡು ಆಮೇಲೆ ಎಲ್ಲ ಕಡೆ ಹಬ್ಬಿತಲ್ಲ, ಅದು. ದೊಡ್ಡ ಹುಳು ಇದ್ದ ಸುಳಿಯಲ್ಲಿ ಒಂದೇ ಇರುತ್ತೆ, ಜೊತೆಗಿದ್ದವನ್ನು ಅದೇ ತಿಂದು ಹಾಕುತ್ತೆ. ಸಂಖ್ಯೆ ಕಡಿಮೆ ಅಂತ ಸಮಾಧಾನ ಪಡುವ ಹಾಗಿಲ್ಲ, ಒಂದು ಸುಳಿ ಹಾಳು ಮಾಡೋಕೆ ಒಂದೇ ಸಾಕು.

ಹೊಲದ ಐದು ಕಡೆ ನಿಂತು, ಒಂದೊಂದು ಕಡೆ ಇಪ್ಪತ್ತು ಗಿಡ ನೋಡಿದೆ. ಒಟ್ಟಿನಲ್ಲಿ ನೂರಕ್ಕೆ ಇಪ್ಪತ್ತರ ಆಸುಪಾಸು ಗಿಡಕ್ಕೆ ಬಾಧೆ ಇದೆ. ಆದರೆ ಎಲ್ಲ ಕಡೆ ಒಂದೇ ತರ ಇಲ್ಲ. ಪಡುವಣ ಬದುವಿನ ಕಡೆ ಜಾಸ್ತಿ, ನಡುವೆ ಕಡಿಮೆ. ಆ ಬದುವಿನಾಚೆ ಪಕ್ಕದವರು ಬೋರ್‌ವೆಲ್ ನೀರಿಗೆ ಬೇಸಿಗೆ ಗೋವಿನಜೋಳ ಹಾಕಿದ್ದರು. ಪತಂಗ ಅಲ್ಲಿಂದಲೇ ಬಂದಿರಬೇಕು ಅಂತ ನನ್ನ ಲೆಕ್ಕ. ಅವರದ್ದು ತಪ್ಪು ಅಂತಲ್ಲ, ನೀರಿದ್ದವರು ಬೆಳೆಯಲೇಬೇಕಲ್ವಾ.

ನೂರಕ್ಕೆ ಹತ್ತು ಗಿಡ ದಾಟಿದರೆ ಔಷಧ ಹೊಡೆಯಬೇಕು ಅನ್ನುವುದು ಗೊತ್ತಿರುವ ಲೆಕ್ಕ. ಅದಕ್ಕೇ ಮಳೆ ಬಿಡುವು ಕೊಟ್ಟ ಸಂಜೆ ನೋಡಿ ಇಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಹೊಡೆದೆ. ಲೀಟರಿಗೆ 0.4 ಗ್ರಾಂ, ಅಂದರೆ 16 ಲೀಟರ್ ಪಂಪಿಗೆ ಆರು ಗ್ರಾಂ ಮೇಲೆ ಸ್ವಲ್ಪ. ನಾಜಲ್ ಸಡಿಲ ಮಾಡಿ ಸುಳಿಯೊಳಗೇ ಬೀಳುವ ಹಾಗೆ ಬಿಟ್ಟೆವು. ಸಣ್ಣ ಹುಳು ಸತ್ತಿವೆ, ಹೊಸ ತೂತು ಕಡಿಮೆ ಆಗಿದೆ. ಆದರೆ ಬೆರಳುದ್ದ ಬೆಳೆದವು ಇನ್ನೂ ಒಳಗೇ ಕೂತಿವೆ. ಹಿಕ್ಕೆಯೇ ಮುಚ್ಚಳವಾಗಿ ಔಷಧ ಕೆಳಗೆ ಇಳಿಯುತ್ತಿಲ್ಲ. ಮೇಲಿಂದ ಪುನರ್ವಸು ಮಳೆ ಜಿಟಿಜಿಟಿ ಹಿಡಿದಿದೆ, ಹೊಡೆದದ್ದು ಉಳಿಯುತ್ತೋ ತೊಳೆದು ಹೋಗುತ್ತೋ ಹೇಳೋಕಾಗಲ್ಲ.

ಔಷಧ ಅಂಗಡಿಯಲ್ಲಿ ಕೇಳಿದರೆ ಮೂರು ಬಾಟಲಿ ಮುಂದಿಟ್ಟು ಮೂರನ್ನೂ ಕಲಸಿ ಹೊಡೀರಿ ಅಂದರು. ಎದ್ದು ಬಂದೆ. ಅವುಗಳಲ್ಲಿ ಒಂದು ಟಾನಿಕ್, ಹುಳುವಿಗೂ ಅದಕ್ಕೂ ಏನು ಸಂಬಂಧ?

ಈಗ ನನ್ನ ಮುಂದೆ ಮೂರು ದಾರಿ ಇವೆ. ಮಾಡಿ ನೋಡಿದವರು ಹೇಳಬೇಕು.

ಒಂದು, ದೊಡ್ಡ ಹುಳುವಿಗೆ ವಿಷ ಪಾಷಾಣ. 10 ಕೆಜಿ ಅಕ್ಕಿ ತೌಡು, 2 ಕೆಜಿ ಬೆಲ್ಲ, ಎರಡು-ಮೂರು ಲೀಟರ್ ನೀರು ಸೇರಿಸಿ ಒಂದು ದಿನ ಕಳಿಯಲು ಬಿಟ್ಟು, ಹಾಕುವ ಅರ್ಧ ಗಂಟೆ ಮೊದಲು 100 ಗ್ರಾಂ ಥಯೋಡಿಕಾರ್ಬ್ ಬೆರೆಸಿ, ಸಂಜೆ ಹೊತ್ತು ಸುಳಿಗೆ ಚಿಟಿಕೆ ಚಿಟಿಕೆ ಹಾಕುವುದು. ಕೆಲಸ ಮಾಡುತ್ತೆ ಅಂತ ಕೇಳಿದ್ದೇನೆ. ನನ್ನ ಹೆದರಿಕೆ ಬೇರೆ. ಮನೆಯಲ್ಲಿ ಎರಡು ಎಮ್ಮೆ, ಒಂದು ಜೋಡಿ ಎತ್ತು ಇವೆ. ಬದುವಿನ ಹುಲ್ಲು, ಎಡೆಯಲ್ಲಿ ಕಿತ್ತ ಸಸಿ ಎಲ್ಲ ಅವುಗಳ ಬಾಯಿಗೇ ಹೋಗೋದು. ಬೆಲ್ಲದ ವಾಸನೆಗೆ ನಾಯಿ, ಕೋಳಿನೂ ಬರುತ್ತವೆ. ಪಾಷಾಣ ಹಾಕಿದ ಮೇಲೆ ಎಷ್ಟು ದಿನ ದನ ದೂರ ಇಟ್ಟಿರಿ? ಮೇವಿಗೆ ಏನು ಮಾಡಿದಿರಿ? ಕೈಗವಸು ಹಾಕಿಕೊಂಡು ಎಕರೆ ಪೂರ್ತಿ ಸುಳಿಸುಳಿಗೆ ಹಾಕೋಕೆ ಎಷ್ಟು ಆಳು ಬೇಕಾಯಿತು ಅನ್ನೋದನ್ನೂ ಹೇಳಿ.

ಎರಡು, ನೊಮೊರಿಯಾ ಶಿಲೀಂಧ್ರದ ಪುಡಿ. ಮೋಡ, ತಂಪು, ಹಸಿ ಗಾಳಿ ಇದಕ್ಕೆ ಬೇಕಂತೆ, ಅದಂತೂ ಈಗ ಬೇಕಾದಷ್ಟಿದೆ. ಒಂದೆರಡು ಕಡೆ ಎಲೆಗೆ ಅಂಟಿಕೊಂಡು ಬೆಳ್ಳಗೆ ಸೆಟೆದು ಸತ್ತ ಹುಳು ಕಂಡಿವೆ. ಅಂದರೆ ಆ ರೋಗ ಹೊಲದಲ್ಲಿ ತಾನಾಗೇ ಶುರುವಾಗಿದೆ ಅಂತಲೇ ನನ್ನ ಅಂದಾಜು. ಇದು ನಿಧಾನ, ಅದೂ ಗೊತ್ತು. ಕೇಳಬೇಕಾದ್ದು ಏನಂದರೆ, ಇಮಾಮೆಕ್ಟಿನ್ ಹೊಡೆದ ಹೊಲಕ್ಕೆ ಇದನ್ನು ಎಷ್ಟು ದಿನ ಬಿಟ್ಟು ಹೊಡೆಯಬಹುದು? ದೊಡ್ಡ ಹುಳುವಿಗೂ ಹಿಡಿಯುತ್ತಾ, ಸಣ್ಣದಕ್ಕೆ ಮಾತ್ರಾನಾ? ತಾಜಾ ಪುಡಿ ನಮ್ಮ ಸುತ್ತಮುತ್ತ ಎಲ್ಲಿ ಸಿಗುತ್ತೆ? ಬಿಸಿಲಿಗಿಟ್ಟ ಹಳೇ ಪ್ಯಾಕೆಟ್ ತಂದರೆ ಸುಮ್ನೆ ದುಡ್ಡು ದಂಡ.

ಮೂರು, ಇನ್ನೊಂದು ಸಲ ಔಷಧವನ್ನೇ ಹೊಡೆಯುವುದು, ಆದರೆ ಬೇರೆಯದು. ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ ಲೀಟರಿಗೆ 0.4 ಮಿಲಿ, ಇಲ್ಲವೇ ಸ್ಪೈನಟೋರಾಂ 11.7 ಎಸ್‌ಸಿ ಲೀಟರಿಗೆ 0.5 ಮಿಲಿ. ಇಮಾಮೆಕ್ಟಿನ್ನನ್ನೇ ಮತ್ತೆ ಹೊಡೆಯೋಕೆ ನನಗೆ ಮನಸ್ಸಿಲ್ಲ, ಹುಳು ಅದಕ್ಕೆ ಒಗ್ಗಿಕೊಂಡರೆ ಮುಂದೆ ಕಷ್ಟ. ಇವೆರಡರಲ್ಲಿ ಜಿಟಿಜಿಟಿ ಮಳೆಯಲ್ಲಿ ಯಾವುದು ನಿಮಗೆ ಚೆನ್ನಾಗಿ ಕೆಲಸ ಮಾಡಿತು?

ತಡವಾಗಿ ಬಿತ್ತಿದ ಎರಡು ಎಕರೆಯ ಚಿಂತೆ ಬೇರೆ. ಅಲ್ಲಿ ಇನ್ನೂ ಹುಳು ಇಲ್ಲ, ಆದರೆ ಎಲೆ ಮೇಲೆ ಬೂದು ನೂಲು ಮುಚ್ಚಿದ ಮೊಟ್ಟೆ ಗುಂಪು ಕಾಣಿಸುತ್ತಿವೆ. ಕಂಡದ್ದನ್ನೆಲ್ಲ ನಾನು, ನಮ್ಮ ಮನೆಯವರು ಕಿತ್ತು ಬೆರಳಲ್ಲಿ ಹೊಸಕಿ ಹಾಕುತ್ತಿದ್ದೇವೆ. ಎಕರೆಗೆ ಐದರಂತೆ ಮೋಹಕ ಬಲೆ ಕಟ್ಟಿದ್ದೇನೆ. ಬೇವಿನೆಣ್ಣೆ 1500 ಪಿಪಿಎಂ ಲೀಟರಿಗೆ 5 ಮಿಲಿ ಹೊಡೆಯೋಣ ಅಂದುಕೊಂಡಿದ್ದೇನೆ. ಅಷ್ಟರಲ್ಲೇ ತಡೆದವರು ಯಾರಾದರೂ ಇದ್ದೀರಾ? ಮರಳಿಗೆ ಸುಣ್ಣ ಬೆರೆಸಿ ಸುಳಿಗೆ ಹಾಕಿದವರ ಅನುಭವವೂ ಬೇಕು. ಒಂಬತ್ತು ಪಾಲು ಮರಳು, ಒಂದು ಪಾಲು ಸುಣ್ಣ ಅಂತಾರೆ, ಆದರೆ ಇಷ್ಟು ಎಳೆ ಸಸಿಯ ಸುಳಿ ಸುಡುವುದಿಲ್ಲವಾ?

ಮತ್ತೊಂದು. ದೊಡ್ಡ ಬೆಳೆಗೆ ಮೇಲುಗೊಬ್ಬರ ಯೂರಿಯಾ ಹಾಕುವ ಹೊತ್ತು ಬಂದಿದೆ. ಹುಳು ಹತೋಟಿಗೆ ಬರುವವರೆಗೆ ತಡೆಯಲಾ, ಮಳೆ ಹದ ಇರುವಾಗಲೇ ಹಾಕಿ ಬಿಡಲಾ? ನನಗೆ ಹಾಕುವುದೇ ಸರಿ ಅನಿಸುತ್ತೆ, ಗಿಡ ಬೇಗ ಎದ್ದರೆ ಹೊಸ ಸುಳಿ ತಾನೇ ಬರುತ್ತೆ. ಎಲೆ ಮೆತ್ತಗಾಗಿ ಹುಳು ಇನ್ನೂ ಜಾಸ್ತಿ ಆಗುತ್ತೆ ಅಂತ ನಮ್ಮ ದೊಡ್ಡಪ್ಪ ಬೇಡ ಅನ್ನುತ್ತಿದ್ದಾರೆ.

ಸುಳಿ, ಹುಳು, ಮೊಟ್ಟೆ, ಬೆಳ್ಳಗೆ ಸತ್ತ ಹುಳು, ನಾಲ್ಕೂ ಫೋಟೊ ಕೆಳಗೆ ಹಾಕಿದ್ದೇನೆ. ದಯವಿಟ್ಟು ಔಷಧದ ಹೆಸರಷ್ಟೇ ಬರೆಯಬೇಡಿ. ಬೆಳೆ ಎಷ್ಟು ದಿನದ್ದಿತ್ತು, ಎಷ್ಟು ಹಾಕಿದಿರಿ, ಆಮೇಲೆ ಮಳೆ ಬಂತಾ ಅನ್ನುವುದನ್ನೂ ಬರೆಯಿರಿ. ನಾಡಿದ್ದು ಮಳೆ ಬಿಡುವು ಕೊಡುತ್ತೆ ಅಂತ ಹವಾಮಾನದವರು ಹೇಳಿದ್ದಾರೆ. ನಾಳೆ ಸಂಜೆಯೊಳಗೆ ಯಾರಾದರೂ ಹೇಳಿದರೆ ತೌಡು ಕಲಸುವುದೋ ಪಂಪು ತೊಳೆಯುವುದೋ ತೀರ್ಮಾನ ಮಾಡುತ್ತೇನೆ.