ಜೋಡಿ ಕೊಳವೆ ಶಾಖ ವಿನಿಮಯಕದ ಪರೀಕ್ಷಾ ವರದಿ: ಪ್ರತಿಮುಖ ಮತ್ತು ಸಮಮುಖ ಹರಿವಿನ ಹೋಲಿಕೆ

ಉದ್ದೇಶ ಮತ್ತು ಫಲಿತಾಂಶ

ನೀರಿನಿಂದ ನೀರಿಗೆ ಶಾಖ ವರ್ಗಾಯಿಸುವ ಒಂದು ಜೋಡಿ ಕೊಳವೆ ಶಾಖ ವಿನಿಮಯಕದ ಪರಿಣಾಮಕಾರಿತ್ವವನ್ನು ಎರಡೂ ಹರಿವಿನ ಜೋಡಣೆಗಳಲ್ಲಿ ಅಳೆಯುವುದು ಈ ಪರೀಕ್ಷೆಯ ಉದ್ದೇಶವಾಗಿತ್ತು. ಪ್ರತಿಮುಖ ಹರಿವಿನಲ್ಲಿ ಅದು 0.340 ± 0.007, ಸಮಮುಖ ಹರಿವಿನಲ್ಲಿ 0.331 ± 0.007 ಎಂದು ದೊರೆತಿದೆ. ಎರಡರ ನಡುವಿನ ವ್ಯತ್ಯಾಸ ಸಿದ್ಧಾಂತ ಹೇಳುವ ದಿಕ್ಕಿನಲ್ಲೇ ಇದ್ದರೂ ಅಳತೆಯ ಅನಿಶ್ಚಿತತೆಗಿಂತ ದೊಡ್ಡದಾಗಿಲ್ಲ. ಆದ್ದರಿಂದ ಪ್ರತಿಮುಖ ಹರಿವು ಇಷ್ಟು ಪಾಲು ಉತ್ತಮ ಎಂದು ಈ ಪರೀಕ್ಷೆಯ ಆಧಾರದ ಮೇಲೆ ಹೇಳಲು ಬರುವುದಿಲ್ಲ. ಹಾಗೇಕೆ ಎಂಬುದೇ ಈ ವರದಿಯ ಮುಖ್ಯ ಭಾಗ.

ಉಪಕರಣ

ಒಳಗಿನ ಕೊಳವೆ ತಾಮ್ರದ್ದು. ಅದರ ಒಳವ್ಯಾಸ 13.0 ಮಿ.ಮೀ., ಹೊರವ್ಯಾಸ 15.0 ಮಿ.ಮೀ. ಹೊರಗಿನ ಉಕ್ಕಿನ ಕೊಳವೆಯ ಒಳವ್ಯಾಸ 28.0 ಮಿ.ಮೀ. ಒಂದು ಬಾಗಿನಿಂದ ಸೇರಿದ ಎರಡು ನೇರ ತುಂಡುಗಳಲ್ಲಿ ಶಾಖ ವರ್ಗಾವಣೆಗೆ ಒದಗುವ ಒಟ್ಟು ಉದ್ದ 3.60 ಮೀಟರ್ ಆಗಿರುವುದರಿಂದ, ಒಳಕೊಳವೆಯ ಹೊರಮೈ ಲೆಕ್ಕದಲ್ಲಿ ವಿಸ್ತೀರ್ಣ 0.1697 ಚದರ ಮೀಟರ್ ಆಗುತ್ತದೆ. ಬಿಸಿನೀರು ಒಳಕೊಳವೆಯಲ್ಲಿಯೂ ತಣ್ಣೀರು ಎರಡು ಕೊಳವೆಗಳ ನಡುವಿನ ಸಂದಿನಲ್ಲಿಯೂ ಹರಿಯುತ್ತದೆ. ಹೊರಕೊಳವೆಗೆ ಶಾಖನಿರೋಧಕ ಹೊದಿಕೆ ಇದೆ.

ನಾಲ್ಕು ತಾಪಮಾನಗಳನ್ನು ಪಿಟಿ-100 ಪ್ಲಾಟಿನಂ ನಿರೋಧಕ ತಾಪಮಾಪಕಗಳಿಂದ ಅಳೆಯಲಾಗಿದೆ. ಸಮಮುಖ ಹರಿವಿಗೆ ಬದಲಾಯಿಸುವಾಗ ತಣ್ಣೀರಿನ ರಬ್ಬರ್ ಕೊಳವೆಗಳನ್ನು ಮಾತ್ರ ಅದಲುಬದಲು ಮಾಡಿ, ತಾಪಮಾಪಕಗಳನ್ನು ಪೂರೈಕೆ ಮತ್ತು ನಿರ್ಗಮನದ ಬದಿಗಳಲ್ಲೇ ಉಳಿಸಿಕೊಂಡೆವು. ಹೀಗಾಗಿ ಎರಡೂ ಜೋಡಣೆಗಳಲ್ಲಿ ಒಳಬರುವ ತಣ್ಣೀರನ್ನು ಅಳೆದದ್ದು ಒಂದೇ ತಾಪಮಾಪಕ.

ಹರಿವನ್ನು ಅಳೆದ ಬಗೆ

ಹರಿವನ್ನು ಹೊಂದಿಸಲು ರೋಟಾಮೀಟರ್ ಬಳಸಿದರೂ ಲೆಕ್ಕಕ್ಕೆ ಅದರ ಅಂಕಿಯನ್ನು ತೆಗೆದುಕೊಂಡಿಲ್ಲ. ಹೊರಬರುವ ನೀರನ್ನು 180 ಸೆಕೆಂಡುಗಳ ಕಾಲ ತೊಟ್ಟಿಯಲ್ಲಿ ಹಿಡಿದು ತೂಗಿ ದ್ರವ್ಯರಾಶಿ ಹರಿವನ್ನು ಕಂಡುಕೊಳ್ಳಲಾಗಿದೆ. ತಕ್ಕಡಿಯ ದೋಷ ± 0.02 ಕಿ.ಗ್ರಾಂ., ಕಾಲದ ದೋಷ ± 0.3 ಸೆಕೆಂಡ್, ಇವೆರಡೂ ಸೇರಿ ಶೇ. 0.3ನ್ನೂ ಮುಟ್ಟುವುದಿಲ್ಲ. ಆದರೆ ಪರೀಕ್ಷೆ ನಡೆಯುತ್ತಿದ್ದಾಗ ಹರಿವೇ ಸ್ವಲ್ಪ ಏರಿಳಿಯುತ್ತಿದ್ದುದರಿಂದ ಹರಿವಿನ ಅನಿಶ್ಚಿತತೆಯನ್ನು ಶೇ. 1.0 ಎಂದು ಇಟ್ಟುಕೊಂಡಿದ್ದೇವೆ.

ತೂಗುವ ಶ್ರಮ ವ್ಯರ್ಥವಾಗಲಿಲ್ಲ. ಬಿಸಿನೀರಿನ ಒಳದಾರಿಯಲ್ಲಿರುವ ರೋಟಾಮೀಟರ್ 20 ಡಿಗ್ರಿ ಸೆಲ್ಸಿಯಸ್ ನೀರಿಗೆ ಅಂಕಗೊಳಿಸಿದ್ದು. ಅದು ನಿಮಿಷಕ್ಕೆ 5.2 ಲೀಟರ್ ತೋರಿಸುತ್ತಿದ್ದಾಗ, ಅದನ್ನೇ ನಂಬಿದ್ದರೆ ಹರಿವು ಸೆಕೆಂಡಿಗೆ 0.0865 ಕಿ.ಗ್ರಾಂ. ಆಗುತ್ತಿತ್ತು, ತೂಗಿದಾಗ ಬಂದದ್ದು 0.0820. ಈ ಶೇ. 5.5ರ ಹೆಚ್ಚಳ ಲೆಕ್ಕದೊಳಗೆ ಸೇರಿದ್ದರೆ ಬಿಸಿನೀರು ಕೊಟ್ಟ ಶಾಖಕ್ಕೂ ತಣ್ಣೀರು ಪಡೆದ ಶಾಖಕ್ಕೂ ಶೇ. 8ಕ್ಕಿಂತ ಹೆಚ್ಚಿನ ಅಂತರ ಕಾಣಿಸುತ್ತಿತ್ತು, ಮತ್ತು ಅದನ್ನು ಸುತ್ತಲಿನ ಗಾಳಿಗೆ ಸೋರಿಹೋದ ಶಾಖ ಎಂದು ಬರೆದು ಮುಗಿಸಿಬಿಡುವ ಸಾಧ್ಯತೆ ಇತ್ತು.

ತಾಪಮಾಪಕಗಳ ಹೊಂದಾಣಿಕೆ

ಐಇಸಿ 60751 ಮಾನಕದ ಪ್ರಕಾರ ಬಿ ವರ್ಗದ ಪ್ಲಾಟಿನಂ ತಾಪಮಾಪಕಕ್ಕೆ ಅನುಮತಿಸಿದ ದೋಷ ± (0.30 + 0.005 |t|) ಡಿಗ್ರಿ. ಈ ಮಿತಿಯನ್ನೇ ನೆಚ್ಚಿದರೆ 24.2 ಡಿಗ್ರಿಯಲ್ಲಿ ± 0.42, 32.4 ಡಿಗ್ರಿಯಲ್ಲಿ ± 0.46 ಆಗಿ, ತಣ್ಣೀರಿನ ತಾಪ ಏರಿಕೆಯಲ್ಲಿ ಒಟ್ಟು ± 0.63 ಡಿಗ್ರಿ ಅನಿಶ್ಚಿತತೆ ಉಳಿಯುತ್ತದೆ. ಏರಿಕೆಯೇ 8.2 ಡಿಗ್ರಿ ಇರುವಾಗ ಇದು ಶೇ. 7.6ಕ್ಕೆ ಸಮ, ಅಂಥ ಅಳತೆಯಿಂದ ಯಾವ ಹೋಲಿಕೆಯೂ ಸಾಧ್ಯವಿಲ್ಲ.

ಆದ್ದರಿಂದ ನಾಲ್ಕೂ ತಾಪಮಾಪಕಗಳನ್ನು ಕಟ್ಟಿ, ಚೆನ್ನಾಗಿ ಕಲಕುತ್ತಿದ್ದ ಒಂದೇ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, 25, 45 ಮತ್ತು 60 ಡಿಗ್ರಿಯ ಸುಮಾರಿನಲ್ಲಿ ಪರಸ್ಪರ ಹೋಲಿಸಲಾಯಿತು. ಅವುಗಳ ನಡುವೆ 0.4 ಡಿಗ್ರಿಯವರೆಗೂ ವ್ಯತ್ಯಾಸ ಕಂಡಿತು. ಅದನ್ನು ತಿದ್ದಿದ ಮೇಲೆ ಪ್ರತಿಯೊಂದರಲ್ಲಿ ಉಳಿದ ಅನಿಶ್ಚಿತತೆ ± 0.15 ಡಿಗ್ರಿ, ಎರಡರ ಅಂತರದಲ್ಲಿ ± 0.21 ಡಿಗ್ರಿ. ಈ ಹೋಲಿಕೆ ತಾಪಮಾಪಕಗಳನ್ನು ಒಂದಕ್ಕೊಂದು ಹೊಂದಿಸುತ್ತದೆಯೇ ಹೊರತು ನಿಜವಾದ ತಾಪಮಾನಕ್ಕೆ ಹೊಂದಿಸುವುದಿಲ್ಲ. ಇಲ್ಲಿಯ ಲೆಕ್ಕವೆಲ್ಲ ತಾಪಮಾನದ ಅಂತರಗಳ ಮೇಲೆ ನಿಂತಿರುವುದರಿಂದ ಅಷ್ಟು ಸಾಕು.

ದಾಖಲೆಯಾದ ಅಳತೆಗಳು

ಪ್ರತಿ ಜೋಡಣೆಯಲ್ಲೂ 20 ನಿಮಿಷ ಕಾದು, ಹತ್ತು ನಿಮಿಷಗಳ ಕಾಲ 30 ಸೆಕೆಂಡಿಗೊಮ್ಮೆ ಓದಿದ ಅಂಕಿಗಳ ಸರಾಸರಿಯನ್ನು ತೆಗೆದುಕೊಂಡೆವು. ಕೆಳಗಿನವು ಮೂರು ಪುನರಾವರ್ತನೆಗಳ ಸರಾಸರಿ.

| ಅಳತೆ | ಪ್ರತಿಮುಖ | ಸಮಮುಖ |
|---|---|---|
| ಬಿಸಿನೀರಿನ ಹರಿವು (ಕಿ.ಗ್ರಾಂ./ಸೆ.) | 0.0820 | 0.0818 |
| ತಣ್ಣೀರಿನ ಹರಿವು (ಕಿ.ಗ್ರಾಂ./ಸೆ.) | 0.1200 | 0.1202 |
| ಬಿಸಿನೀರು ಒಳಗೆ (ಡಿಗ್ರಿ ಸೆ.) | 60.1 | 60.3 |
| ಬಿಸಿನೀರು ಹೊರಗೆ | 47.7 | 48.2 |
| ತಣ್ಣೀರು ಒಳಗೆ | 24.2 | 24.3 |
| ತಣ್ಣೀರು ಹೊರಗೆ | 32.4 | 32.3 |

ಪ್ರತಿಮುಖ ಹರಿವಿನ ಲೆಕ್ಕ

ನೀರಿನ ವಿಶಿಷ್ಟೋಷ್ಣವನ್ನು ಬಿಸಿ ಬದಿಗೆ 4.183, ತಣ್ಣನೆಯ ಬದಿಗೆ 4.179 ಕಿಲೋಜೌಲ್ ಪ್ರತಿ ಕಿ.ಗ್ರಾಂ. ಪ್ರತಿ ಡಿಗ್ರಿ ಎಂದು ಬಳಸಲಾಗಿದೆ.

```
Ch = 0.0820 × 4.183 = 0.3430 kW/K
Cc = 0.1200 × 4.179 = 0.5015 kW/K
Qh = 0.3430 × (60.1 − 47.7) = 4.253 kW
Qc = 0.5015 × (32.4 − 24.2) = 4.112 kW
Qm = (Qh + Qc) / 2 = 4.183 kW
ε  = Qm / [Ch × (60.1 − 24.2)] = 0.340
```

ತಾಪ ಅಂತರದ ಮತ್ತು ಹರಿವಿನ ಅನಿಶ್ಚಿತತೆಗಳನ್ನು ವರ್ಗಗಳ ಮೊತ್ತದ ವರ್ಗಮೂಲವಾಗಿ ಕೂಡಿಸಿದರೆ ಬಿಸಿ ಬದಿಯ ಶಾಖಕ್ಕೆ ಶೇ. 2.0, ತಣ್ಣನೆಯ ಬದಿಯ ಶಾಖಕ್ಕೆ ಶೇ. 2.8 ಬರುತ್ತದೆ. ಪರಿಣಾಮಕಾರಿತ್ವಕ್ಕೆ ಬರುವ ಶೇ. 2.1ರಲ್ಲಿ ಅಂಶ ಮತ್ತು ಛೇದ ಎರಡರಲ್ಲೂ ಇರುವ ಸಮಾನ ದೋಷಗಳನ್ನು ಸ್ವತಂತ್ರವೆಂದೇ ಎಣಿಸಿರುವುದರಿಂದ ಅದು ನಿಜಕ್ಕಿಂತ ಸ್ವಲ್ಪ ಹೆಚ್ಚೇ ಇರಬಹುದು.

ಎರಡು ತುದಿಗಳ ತಾಪ ಅಂತರಗಳು 27.7 ಮತ್ತು 23.5 ಡಿಗ್ರಿ, ಅವುಗಳ ಲಘುಗಣಕೀಯ ಸರಾಸರಿ 25.54 ಡಿಗ್ರಿ. ಅದರಿಂದ ಒಟ್ಟಾರೆ ಶಾಖ ವರ್ಗಾವಣಾ ಗುಣಾಂಕ ಚದರ ಮೀಟರಿಗೆ ಪ್ರತಿ ಡಿಗ್ರಿಗೆ 965 ವ್ಯಾಟ್ ಆಗುತ್ತದೆ. ಸಮಮುಖ ಹರಿವಿನಲ್ಲಿ ಇದೇ ಕ್ರಮದಿಂದ 4.140 ಮತ್ತು 4.018 ಕಿಲೋವ್ಯಾಟ್, ಪರಿಣಾಮಕಾರಿತ್ವ 0.331, ಗುಣಾಂಕ 977 ಬಂದಿವೆ. ಗುಣಾಂಕದ ಅನಿಶ್ಚಿತತೆ ಸುಮಾರು ± 20 ಇರುವುದರಿಂದ ಎರಡೂ ಒಂದೇ ಎಂದು ಪರಿಗಣಿಸಿದ್ದೇವೆ. ಹರಿವಿನ ದಿಕ್ಕು ಬದಲಾದರೂ ಮೇಲ್ಮೈಯ ಗುಣಾಂಕ ಬದಲಾಗಬಾರದು ಎಂಬ ನಿರೀಕ್ಷೆಗೆ ಇದು ಹೊಂದುತ್ತದೆ.

ಸೂತ್ರಗಳಿಂದ ನಿರೀಕ್ಷಿಸಿದ ಬೆಲೆ

ಒಳಕೊಳವೆಯಲ್ಲಿ ರೆನಾಲ್ಡ್ಸ್ ಸಂಖ್ಯೆ ಸುಮಾರು 15,900 ಇದ್ದು ಹರಿವು ಸ್ಪಷ್ಟವಾಗಿ ಪ್ರಕ್ಷುಬ್ಧವಾಗಿದೆ. ಡಿಟಸ್–ಬೋಲ್ಟರ್ ಸೂತ್ರ ಅಲ್ಲಿ ಸಲ್ಲುತ್ತದೆ. ಹೊರಗಿನ ಸಂದಿನಲ್ಲಿ ಅದು ಸುಮಾರು 4,270 ಮಾತ್ರ. ಅಲ್ಲಿ ಅದೇ ಸೂತ್ರವನ್ನು ಅಭ್ಯಾಸಬಲದಿಂದ ಬಳಸುವುದು ತಪ್ಪು, ಏಕೆಂದರೆ ಅದು 10,000ಕ್ಕಿಂತ ಮೇಲಿನ ಹರಿವಿಗಾಗಿ ಇರುವಂಥದ್ದು. 3,000ದಿಂದ ಅನ್ವಯಿಸುವ ಗ್ನೀಲಿನ್‌ಸ್ಕಿ ಸೂತ್ರವನ್ನು ಜಲವ್ಯಾಸ 13 ಮಿ.ಮೀ. ಇಟ್ಟು ಬಳಸಿದಾಗ ಹೊರಬದಿಯ ಗುಣಾಂಕ ಸುಮಾರು 1,490, ಒಳಬದಿಯದು 3,760, ಒಟ್ಟಾರೆ 1,020 ಬರುತ್ತದೆ. ಅಳೆದ 965 ಇದಕ್ಕಿಂತ ಶೇ. 5ರಷ್ಟು ಕಡಿಮೆ. ಕೊಳವೆಯೊಳಗೆ ಕಟ್ಟಿರಬಹುದಾದ ತೆಳು ಪಾಚಿಯೋ ಸುಣ್ಣದ ಪದರವೋ ಇದನ್ನು ವಿವರಿಸಬಲ್ಲದು. ಆದರೆ ಇಂಥ ಸೂತ್ರಗಳಿಗೇ ಶೇ. 10ರಷ್ಟು ಸಡಿಲವಿರುವಾಗ ಕೊಳವೆ ಕೊಳೆಯಾಗಿದೆ ಎಂದು ಈ ಅಂಕಿಯಿಂದ ತೀರ್ಮಾನಿಸಲಾಗದು.

ಶಾಖ ಸಮತೋಲನದ ಕೊರತೆ

ತಣ್ಣೀರು ಪಡೆದ ಶಾಖಕ್ಕೂ ಬಿಸಿನೀರು ಕೊಟ್ಟ ಶಾಖಕ್ಕೂ ಇರುವ ಅನುಪಾತ ಪ್ರತಿಮುಖ ಹರಿವಿನಲ್ಲಿ 0.967 ± 0.033, ಸಮಮುಖ ಹರಿವಿನಲ್ಲಿ 0.971 ± 0.034. ಅಂದರೆ ಕೊರತೆ 141 ಮತ್ತು 122 ವ್ಯಾಟ್. ಎರಡೂ ಅನಿಶ್ಚಿತತೆಯ ಅಂಚಿನೊಳಗೇ ಇವೆ. ಆದರೂ ಎರಡೂ ಒಂದೇ ಬದಿಗೆ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ವಾಲಿರುವುದರಿಂದ ಇದನ್ನು ಆಕಸ್ಮಿಕ ಏರಿಳಿತ ಎಂದು ಬಿಟ್ಟುಬಿಡಲು ಮನಸ್ಸು ಒಪ್ಪಲಿಲ್ಲ.

ಗಾಳಿಗೆ ಹೋದ ಶಾಖ ಕಾರಣವಾಗಿರಲಾರದು. ಹೊರಗೆ ಹರಿಯುತ್ತಿರುವುದು ಸರಾಸರಿ 28.3 ಡಿಗ್ರಿಯ ತಣ್ಣೀರು, ಕೋಣೆಯ ತಾಪ 26.8 ಡಿಗ್ರಿ. ಹೊದಿಕೆಯೇ ಇಲ್ಲವೆಂದುಕೊಂಡು ಲೆಕ್ಕ ಹಾಕಿದರೂ ನಷ್ಟ ಸುಮಾರು 6 ವ್ಯಾಟ್. ಬಿಸಿನೀರಿನ ಬಾಯಿಯಲ್ಲಿ ತೆರೆದಿರುವ ಹಿತ್ತಾಳೆಯ ಜೋಡಣೆಯಿಂದ ಇನ್ನೊಂದು 6 ವ್ಯಾಟ್. ಉಳಿದದ್ದು ಅಳತೆಯ ದೋಷವೇ. ಪರೀಕ್ಷೆ ಮುಗಿದ ಮೇಲೆ ತಣ್ಣೀರಿನ ನಿರ್ಗಮನದ ತಾಪಮಾಪಕವನ್ನು 32 ಡಿಗ್ರಿಯ ತೊಟ್ಟಿಯಲ್ಲಿ ಮತ್ತೆ ನೋಡಿದಾಗ ಅದು ಉಳಿದವುಗಳಿಗಿಂತ 0.12 ಡಿಗ್ರಿ ಕಡಿಮೆ ಓದಿತು. ಅಷ್ಟನ್ನು ಸೇರಿಸಿದರೆ ಮೊದಲ ಅನುಪಾತ 0.981ಕ್ಕೆ ಏರುತ್ತದೆ. ಈ ಮರುಪರಿಶೀಲನೆ ಒಮ್ಮೆ ಮಾತ್ರ ನಡೆದಿರುವುದರಿಂದಲೂ, ಅದು ಘೋಷಿಸಿದ ± 0.15ರೊಳಗೇ ಇರುವುದರಿಂದಲೂ ಫಲಿತಾಂಶಗಳನ್ನು ತಿದ್ದಿಲ್ಲ. ಸಂದಿನಿಂದ ಹೊರಬಿದ್ದ ನೀರು ತಾಪಮಾಪಕವನ್ನು ಮುಟ್ಟುವ ಮೊದಲು ಪೂರ್ತಿ ಬೆರೆಯದಿರುವ ಸಾಧ್ಯತೆಯೂ ಇದೆ.

ಒತ್ತಡದ ಇಳಿತ

ಒಳಕೊಳವೆಯ ಎರಡು ತುದಿಗಳ ನಡುವೆ, ಒಂದೇ ಮಟ್ಟದಲ್ಲಿರುವ ರಂಧ್ರಗಳಿಂದ, ತಲೆಕೆಳಗಾದ ಮ್ಯಾನೋಮೀಟರ್ 178 ± 2 ಮಿ.ಮೀ. ನೀರಿನ ಕಂಬವನ್ನು, ಅಂದರೆ 1.74 ಕಿಲೋಪ್ಯಾಸ್ಕಲ್ ಒತ್ತಡವನ್ನು ತೋರಿಸಿತು. ನೇರ ಕೊಳವೆಯ ಘರ್ಷಣೆಗೆ 1.49 ಕಿಲೋಪ್ಯಾಸ್ಕಲ್ ಲೆಕ್ಕಕ್ಕೆ ಸಿಗುತ್ತದೆ. ಮಿಕ್ಕದ್ದು ಬಾಗು ಮತ್ತು ತುದಿಯ ಜೋಡಣೆಗಳದ್ದು. ಇದಕ್ಕೆ ತಗಲುವ ಶಕ್ತಿ ಕೇವಲ 0.15 ವ್ಯಾಟ್ ಆದ್ದರಿಂದ ಶಾಖದ ಲೆಕ್ಕದಲ್ಲಿ ಅದನ್ನು ಸೇರಿಸಿಲ್ಲ.

ಹೋಲಿಕೆಯ ಮಿತಿ

ಅಳೆದ ಗುಣಾಂಕದಿಂದ ವರ್ಗಾವಣಾ ಘಟಕಗಳ ಸಂಖ್ಯೆ 0.48, ಶಾಖಧಾರಣೆಗಳ ಅನುಪಾತ 0.68 ಎಂದಾಗುತ್ತದೆ. ಈ ಬೆಲೆಗಳಿಗೆ ಸಿದ್ಧಾಂತವು ಪ್ರತಿಮುಖ ಹರಿವಿಗೆ 0.340, ಸಮಮುಖ ಹರಿವಿಗೆ 0.328 ಕೊಡುತ್ತದೆ. ಪ್ರತಿಮುಖದ ಅಂಕಿ ಅಳತೆಯೊಡನೆ ಸರಿಹೊಂದುವುದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ, ಏಕೆಂದರೆ ಗುಣಾಂಕವನ್ನು ತೆಗೆದದ್ದು ಅದೇ ಅಳತೆಯಿಂದ. ಗಮನಿಸಬೇಕಾದದ್ದು ಅಂತರವನ್ನು: ನಿರೀಕ್ಷಿತ ವ್ಯತ್ಯಾಸವೇ 0.012, ಅಳೆದದ್ದು 0.009, ಆ ವ್ಯತ್ಯಾಸದ ಅನಿಶ್ಚಿತತೆ 0.010. ಇಷ್ಟು ಗಿಡ್ಡ ವಿನಿಮಯಕದಲ್ಲಿ, ಇಷ್ಟು ಹರಿವಿನಲ್ಲಿ, ಎರಡು ಜೋಡಣೆಗಳು ಬೇರೆಬೇರೆಯಾಗಿ ವರ್ತಿಸಲು ನೀರಿಗೆ ಅವಕಾಶವೇ ಸಿಗುವುದಿಲ್ಲ. ಒಂದೇ ತಾಪಮಾಪಕಗಳನ್ನು ಬಳಸಿದ್ದರಿಂದ ಸ್ಥಿರ ದೋಷಗಳು ಹೋಲಿಕೆಯಲ್ಲಿ ಬಹುಪಾಲು ರದ್ದಾಗುತ್ತವೆ ಎಂದು ವಾದಿಸಬಹುದು; ಆಗ ಉಳಿಯುವುದು ಪುನರಾವರ್ತನೆಗಳ ಚದುರು, ಅದು ಪ್ರತಿ ಜೋಡಣೆಯಲ್ಲಿ ± 0.004. ಹಾಗೆ ನೋಡಿದರೆ ವ್ಯತ್ಯಾಸ ಇದೆ ಎನ್ನುವ ಕಡೆಗೆ ತಕ್ಕಡಿ ತುಸು ವಾಲುತ್ತದೆ. ಆದರೆ ಮೂರೇ ಪುನರಾವರ್ತನೆಗಳ ಮೇಲೆ ಆ ವಾದವನ್ನು ನಿಲ್ಲಿಸಲು ನಾವು ಸಿದ್ಧರಿಲ್ಲ.

ಮುಂದಿನ ಪರೀಕ್ಷೆಗೆ ಬಿಸಿನೀರಿನ ಹರಿವನ್ನು ಸೆಕೆಂಡಿಗೆ 0.030 ಕಿ.ಗ್ರಾಂ.ಗೆ ಇಳಿಸಲು ಸೂಚಿಸುತ್ತೇವೆ. ಆಗ ವರ್ಗಾವಣಾ ಘಟಕಗಳು 1ರ ಹತ್ತಿರ ಬಂದು, ನಿರೀಕ್ಷಿತ ಪರಿಣಾಮಕಾರಿತ್ವ 0.60 ಮತ್ತು 0.57 ಆಗಿ, ಅಂತರ ಇಮ್ಮಡಿಗಿಂತ ಹೆಚ್ಚಾಗುತ್ತದೆ. ತೊಡಕೆಂದರೆ ತಣ್ಣೀರಿನ ಏರಿಕೆ ಆಗ 5.4 ಡಿಗ್ರಿಯ ಸುಮಾರಿಗೆ ಕುಗ್ಗಿ ಆ ಬದಿಯ ಅನಿಶ್ಚಿತತೆ ಶೇ. 4ಕ್ಕೆ ಏರುತ್ತದೆ. ಆದಕಾರಣ ಆ ಪರೀಕ್ಷೆಯಲ್ಲಿ ಪರಿಣಾಮಕಾರಿತ್ವವನ್ನು ಬಿಸಿ ಬದಿಯ ಅಳತೆಯಿಂದ ಮಾತ್ರ ಲೆಕ್ಕ ಹಾಕಿ, ತಣ್ಣನೆಯ ಬದಿಯನ್ನು ಸಮತೋಲನದ ಪರಿಶೀಲನೆಗಷ್ಟೇ ಇಟ್ಟುಕೊಳ್ಳಬೇಕು. ನಿರ್ಗಮನದ ತಾಪಮಾಪಕಕ್ಕೆ ಮುಂಚೆ ನೀರನ್ನು ಬೆರೆಸುವ ಒಂದು ತಡೆಯನ್ನೂ ಅದಕ್ಕೆ ಮೊದಲೇ ಅಳವಡಿಸಬೇಕು.