ಲಿಮಿಟಿಂಗ್ ರೀಏಜೆಂಟ್ ಮತ್ತು ಶೇಕಡಾ ಇಳುವರಿ: ಐದು ಲೆಕ್ಕ, ಹಂತವಾರು ಅಂಕ, ತಾಳೆ ನೋಡಿದ ಉತ್ತರ

ಪ್ರಥಮ ಪಿಯುಸಿ, ರಸಾಯನಶಾಸ್ತ್ರ
ಸಮಯ: 50 ನಿಮಿಷ. ಒಟ್ಟು ಅಂಕ: 20

ಪರಮಾಣು ರಾಶಿಗಳು: H = 1, C = 12, N = 14, O = 16, Al = 27, Cl = 35.5, K = 39, Ca = 40, Fe = 56

ಬರೆಯುವ ಮುನ್ನ: ಕ್ಯಾಲ್ಕುಲೇಟರ್ ಬೇಡ, ಅಂಕಿಗಳನ್ನು ಕೈಲೆಕ್ಕಕ್ಕೆ ಒಗ್ಗುವಂತೆಯೇ ಆರಿಸಿದೆ. ಯಾವುದು ಲಿಮಿಟಿಂಗ್ ರೀಏಜೆಂಟ್ ಎಂದು ಬರೆದರಷ್ಟೇ ಸಾಲದು, ಹೇಗೆ ಗೊತ್ತಾಯಿತು ಎಂದು ಒಂದು ಸಾಲಿನಲ್ಲಿ ತೋರಿಸಿ. ಎರಡರಲ್ಲಿ ಒಂದನ್ನು ಹೆಸರಿಸುವುದಷ್ಟೇ ಆದರೆ, ಕಣ್ಣುಮುಚ್ಚಿ ಬರೆದವರಿಗೂ ಅರ್ಧ ಸಲ ಸರಿಯಾಗುತ್ತದೆ.

ಪ್ರಶ್ನೆಗಳು

1. 42 ಗ್ರಾಂ ನೈಟ್ರೋಜನ್ ಮತ್ತು 8 ಗ್ರಾಂ ಹೈಡ್ರೋಜನ್ ಬೆರೆಸಿದಾಗ ಅಮೋನಿಯಾ ಆಗುವ ಕ್ರಿಯೆ ಪೂರ್ಣಗೊಳ್ಳುತ್ತದೆಂದು ಭಾವಿಸಿ. ಸಮೀಕರಣವನ್ನು ಸರಿದೂಗಿಸಿ ಬರೆಯಿರಿ. ಎಷ್ಟು ಗ್ರಾಂ ಅಮೋನಿಯಾ ಸಿಗುತ್ತದೆ? ಯಾವುದು, ಎಷ್ಟು ಗ್ರಾಂ ಉಳಿಯುತ್ತದೆ? (3 ಅಂಕ)

2. ರೈಲು ಹಳಿಗಳ ಕೀಲನ್ನು ಬೆಸೆಯಲು ಬಳಸುವ ಥರ್ಮೈಟ್ ಕ್ರಿಯೆ ಇದು:
Fe₂O₃ + 2Al → Al₂O₃ + 2Fe
80 ಗ್ರಾಂ Fe₂O₃ ಜೊತೆ 21.6 ಗ್ರಾಂ ಅಲ್ಯೂಮಿನಿಯಂ ಪುಡಿ ಬೆರೆಸಿ ಹೊತ್ತಿಸಿದಾಗ 39.2 ಗ್ರಾಂ ಕಬ್ಬಿಣ ಸಿಕ್ಕಿತು. ಶೇಕಡಾ ಇಳುವರಿ ಎಷ್ಟು? (4 ಅಂಕ)

3. ಕಲಬುರಗಿ ಕಡೆಯ ಸುಣ್ಣಕಲ್ಲಿನ 12.5 ಗ್ರಾಂ ಪುಡಿಯಲ್ಲಿ ತೂಕದ ಶೇ. 80 ಭಾಗ CaCO₃ ಇದೆ. ಉಳಿದದ್ದು ಆಮ್ಲದೊಡನೆ ವರ್ತಿಸದ ಕಲ್ಮಶ. ಇದಕ್ಕೆ 0.88 ಮೋಲಾರ್ HCl ದ್ರಾವಣ 250 ಮಿ.ಲೀ. ಸುರಿದು, ಹೊರಬಂದ CO₂ ಅನ್ನು ತೂಗಿದಾಗ 3.74 ಗ್ರಾಂ ಇತ್ತು.
CaCO₃ + 2HCl → CaCl₂ + H₂O + CO₂
ಶೇಕಡಾ ಇಳುವರಿ ಕಂಡುಹಿಡಿಯಿರಿ. (5 ಅಂಕ)

4. 2.76 ಗ್ರಾಂ ಸ್ಯಾಲಿಸಿಲಿಕ್ ಆಮ್ಲವನ್ನು 5 ಮಿ.ಲೀ. ಅಸಿಟಿಕ್ ಅನ್‌ಹೈಡ್ರೈಡ್ ಜೊತೆ (ಸಾಂದ್ರತೆ ಪ್ರತಿ ಮಿ.ಲೀ.ಗೆ 1.08 ಗ್ರಾಂ) ಕಾಯಿಸಿ ಆಸ್ಪಿರಿನ್ ತಯಾರಿಸಲಾಯಿತು.
C₇H₆O₃ + C₄H₆O₃ → C₉H₈O₄ + CH₃COOH
(ಅ) ಒಣಗಿಸಿದ ಆಸ್ಪಿರಿನ್ 2.70 ಗ್ರಾಂ ಇದ್ದರೆ ಶೇಕಡಾ ಇಳುವರಿ ಎಷ್ಟು? (3 ಅಂಕ)
(ಆ) ಪಕ್ಕದ ಮೇಜಿನ ತಂಡ ಇದೇ ಪ್ರಮಾಣಗಳಿಂದ 3.78 ಗ್ರಾಂ ಸಿಕ್ಕಿತೆಂದು ಹಿಗ್ಗುತ್ತಿದೆ. ಅವರ ಶೇಕಡಾವಾರು ಲೆಕ್ಕ ಹಾಕಿ, ನಿಮ್ಮ ಅಭಿಪ್ರಾಯ ಬರೆಯಿರಿ. (2 ಅಂಕ)

5. 2KClO₃ → 2KCl + 3O₂. ಈ ಕ್ರಿಯೆಯ ಇಳುವರಿ ಶೇ. 80 ಮಾತ್ರ ಎಂದಾದರೆ, 9.6 ಗ್ರಾಂ ಆಕ್ಸಿಜನ್ ಕೈಗೆ ಸಿಗಬೇಕಾದರೆ ಎಷ್ಟು ಗ್ರಾಂ KClO₃ ತೆಗೆದುಕೊಳ್ಳಬೇಕು? (3 ಅಂಕ)

ಉತ್ತರ ಮತ್ತು ಅಂಕ ಹಂಚಿಕೆ

ಮೌಲ್ಯಮಾಪನ ಮಾಡುವವರಿಗೆ: ಒಂದು ತಪ್ಪಿಗೆ ಒಂದೇ ಸಲ ಅಂಕ ಕಳೆಯಿರಿ. ಮೋಲ್ ಲೆಕ್ಕದಲ್ಲಿ ಎಡವಿ, ಆ ತಪ್ಪು ಅಂಕಿಯನ್ನೇ ಹಿಡಿದು ಮುಂದಿನ ಹಂತಗಳನ್ನು ಸರಿಯಾದ ದಾರಿಯಲ್ಲಿ ನಡೆಸಿದ್ದರೆ ಆ ಹಂತಗಳ ಅಂಕ ಕೊಡಬೇಕು. ಕೊನೆಯ ಉತ್ತರದಲ್ಲಿ ಏಕಮಾನ ಇಲ್ಲದಿದ್ದರೆ ½ ಕಡಿತ, ಅದೂ ಇಡೀ ಪತ್ರಿಕೆಗೆ ಒಂದೇ ಬಾರಿ.

1. N₂ + 3H₂ → 2NH₃ … ½
N₂ = 42/28 = 1.5 ಮೋಲ್; H₂ = 8/2 = 4 ಮೋಲ್ … ½
1.5 ಮೋಲ್ N₂ಗೆ 4.5 ಮೋಲ್ H₂ ಬೇಕು, ಇರುವುದು 4. ಆದ್ದರಿಂದ H₂ ಲಿಮಿಟಿಂಗ್ ರೀಏಜೆಂಟ್ … 1
NH₃ = 4 × 2/3 = 2.667 ಮೋಲ್, 2.667 × 17 = 45.3 ಗ್ರಾಂ … ½
ಖರ್ಚಾದ N₂ = 4/3 ಮೋಲ್; ಉಳಿದದ್ದು 1.5 − 1.333 = 0.167 ಮೋಲ್ = 4.67 ಗ್ರಾಂ … ½
ತಾಳೆ: ಆರಂಭದಲ್ಲಿ 42 + 8 = 50 ಗ್ರಾಂ; ಕೊನೆಗೆ 45.33 + 4.67 = 50 ಗ್ರಾಂ.
ಮೋಲ್ ಸಂಖ್ಯೆ ಕಡಿಮೆ ಇರುವುದೇ ಲಿಮಿಟಿಂಗ್ ಎಂದು N₂ ಆರಿಸಿದವರಿಗೆ 51 ಗ್ರಾಂ ಬರುತ್ತದೆ. ಹಾಕಿದ್ದು 50, ಬಂದದ್ದು 51!

2. Fe₂O₃ = 80/160 = 0.5 ಮೋಲ್; Al = 21.6/27 = 0.8 ಮೋಲ್ … 1
0.5 ಮೋಲ್ Fe₂O₃ಗೆ 1 ಮೋಲ್ Al ಬೇಕು, ಇರುವುದು 0.8. Al ಲಿಮಿಟಿಂಗ್ … 1
Fe = 0.8 ಮೋಲ್, ಸೈದ್ಧಾಂತಿಕ ಇಳುವರಿ 0.8 × 56 = 44.8 ಗ್ರಾಂ … 1
ಶೇಕಡಾ ಇಳುವರಿ = (39.2/44.8) × 100 = 87.5 … 1
ತಾಳೆ (ಕ್ರಿಯೆ ಪೂರ್ಣಗೊಂಡರೆ): Fe 44.8 + Al₂O₃ 40.8 (0.4 × 102) + ಉಳಿಯುವ Fe₂O₃ 16 = 101.6 ಗ್ರಾಂ. ಬೆರೆಸಿದ್ದೂ 80 + 21.6 = 101.6.

3. ಶುದ್ಧ CaCO₃ = 12.5 × 80/100 = 10 ಗ್ರಾಂ … ½
10/100 = 0.1 ಮೋಲ್ … ½
HCl = 0.88 × 0.250 = 0.22 ಮೋಲ್ … 1
0.1 ಮೋಲ್ CaCO₃ಗೆ 0.2 ಮೋಲ್ HCl ಸಾಕು, ಇರುವುದು 0.22. ಆದ್ದರಿಂದ CaCO₃ ಲಿಮಿಟಿಂಗ್, ಆಮ್ಲ 0.02 ಮೋಲ್ ಉಳಿಯುತ್ತದೆ … 1
CO₂ = 0.1 × 44 = 4.40 ಗ್ರಾಂ … 1
ಶೇಕಡಾ ಇಳುವರಿ = (3.74/4.40) × 100 = 85 … 1

ಈ ಲೆಕ್ಕದ ಗಂಟು ಶುದ್ಧತೆಯಲ್ಲಿದೆ. ಶೇ. 80 ಅನ್ನು ಮರೆತು 12.5 ಗ್ರಾಂ ಪೂರ್ತಿ CaCO₃ ಎಂದುಕೊಂಡರೆ 0.125 ಮೋಲ್ ಆಗುತ್ತದೆ, ಅದಕ್ಕೆ 0.25 ಮೋಲ್ ಆಮ್ಲ ಬೇಕಾಗುತ್ತದೆ, ಆಗ ಲಿಮಿಟಿಂಗ್ ಪಟ್ಟವೇ HClಗೆ ಹೋಗಿಬಿಡುತ್ತದೆ. CO₂ 4.84 ಗ್ರಾಂ, ಇಳುವರಿ ಶೇ. 77.3. ಉತ್ತರಪತ್ರಿಕೆಯಲ್ಲಿ 77.3 ಕಂಡರೆ ಹುಡುಕಾಡುವ ಅಗತ್ಯವಿಲ್ಲ: ಮೊದಲ ½ ಅಂಕ ಮಾತ್ರ ಕಳೆದು, ಮಿಕ್ಕ 4½ ಕೊಡಿ. ಇನ್ನು ಕೆಲವರು ಶೇ. 80 ಅನ್ನು ಕೊನೆಗೆ CO₂ ತೂಕಕ್ಕೆ ಗುಣಿಸುತ್ತಾರೆ. 4.84 × 0.8 = 3.87 ಗ್ರಾಂ, ಇಳುವರಿ ಶೇ. 96.6. ಇದು ಅಜಾಗರೂಕತೆಯಲ್ಲ, ಶುದ್ಧತೆಗೂ ಇಳುವರಿಗೂ ಇರುವ ಅಂತರ ತಿಳಿಯದ್ದು. ಶುದ್ಧತೆ ಪಾತ್ರೆಗೆ ಹಾಕುವ ವಸ್ತುವಿನ ಮಾತು, ಇಳುವರಿ ಪಾತ್ರೆಯಿಂದ ಬರುವ ವಸ್ತುವಿನ ಮಾತು. ಇವರಿಗೆ ಶುದ್ಧತೆಯ ½ ಅಂಕವೂ CO₂ ಹಂತದ 1 ಅಂಕವೂ ಇಲ್ಲ. ಉಳಿದ 3½ ಸಲ್ಲುತ್ತದೆ.

ಶೇ. 15 ಎಲ್ಲಿ ಹೋಯಿತು ಎಂದು ಕೇಳುವ ವಿದ್ಯಾರ್ಥಿ ಇದ್ದೇ ಇರುತ್ತಾನೆ. CO₂ ನೀರಿನಲ್ಲಿ ಸ್ವಲ್ಪ ಕರಗುತ್ತದೆ; ಕರಗಿದ ಪಾಲು ದ್ರಾವಣದಲ್ಲೇ ಉಳಿದು ತೂಕಕ್ಕೆ ಸಿಗುವುದಿಲ್ಲ. ಈ ಕಾರಣ ಬರೆದವರಿಗೆ ಅಂಕವಿಲ್ಲ, ಮೆಚ್ಚುಗೆ ಇದೆ.

4. (ಅ) ಅನ್‌ಹೈಡ್ರೈಡ್ ತೂಕ = 5 × 1.08 = 5.4 ಗ್ರಾಂ … ½
ಸ್ಯಾಲಿಸಿಲಿಕ್ ಆಮ್ಲ = 2.76/138 = 0.020 ಮೋಲ್; ಅನ್‌ಹೈಡ್ರೈಡ್ = 5.4/102 = 0.053 ಮೋಲ್ … 1
ಅನುಪಾತ 1:1, ಆದ್ದರಿಂದ ಸ್ಯಾಲಿಸಿಲಿಕ್ ಆಮ್ಲ ಲಿಮಿಟಿಂಗ್ … ½
ಸೈದ್ಧಾಂತಿಕ ಇಳುವರಿ = 0.020 × 180 = 3.60 ಗ್ರಾಂ … ½
(2.70/3.60) × 100 = 75 … ½

(ಆ) (3.78/3.60) × 100 = 105 … ½
ಶುದ್ಧ ಉತ್ಪನ್ನ ಶೇ. 100 ದಾಟಲಾರದು, ತೂಗಿದ್ದು ಬರೀ ಆಸ್ಪಿರಿನ್ ಅಲ್ಲ. ನೀರು ಅಥವಾ ತೊಳೆದುಹೋಗದ ಅಸಿಟಿಕ್ ಆಮ್ಲ ಸೇರಿಕೊಂಡಿದೆ … 1
ಚೆನ್ನಾಗಿ ತೊಳೆದು, ತೂಕ ಸ್ಥಿರವಾಗುವವರೆಗೆ ಒಣಗಿಸಿ ಮತ್ತೆ ತೂಗಬೇಕು … ½
“ತೂಗುವಾಗ ತಪ್ಪಾಗಿದೆ” ಎಂದಷ್ಟೇ ಬರೆದರೆ ಎರಡನೇ ಹಂತದಲ್ಲಿ ½ ಮಾತ್ರ.

5. ಸೈದ್ಧಾಂತಿಕವಾಗಿ ಬರಬೇಕಾದ O₂ = 9.6 × 100/80 = 12 ಗ್ರಾಂ … 1
12/32 = 0.375 ಮೋಲ್ O₂; KClO₃ = 0.375 × 2/3 = 0.25 ಮೋಲ್ … 1
0.25 × 122.5 = 30.6 ಗ್ರಾಂ … 1
ತಾಳೆ: 0.25 ಮೋಲ್ KClO₃ಯಿಂದ ಪೂರ್ಣ ಇಳುವರಿ 12 ಗ್ರಾಂ, ಅದರ ಶೇ. 80 = 9.6 ಗ್ರಾಂ.
19.6 ಗ್ರಾಂ ಎಂದು ಬರೆದವರು 0.8ರಿಂದ ಭಾಗಿಸುವ ಬದಲು ಗುಣಿಸಿದ್ದಾರೆ: ಮೊದಲ 1 ಅಂಕ ಇಲ್ಲ, ಉಳಿದ 2 ಸಲ್ಲುತ್ತದೆ.