ಎಲ್ಲರ ಫೋಟೋ ಒಂದೇ ಆಲ್ಬಮ್‌ಗೆ: ಸೇರಿಸುವುದು ಹೇಗೆ

ಹೊಳಲ್ಕೆರೆ ಮನೆಯ ಹಿರಿಯರಿಗೂ ಕಿರಿಯರಿಗೂ ನಮಸ್ಕಾರ.

ಡಿಸೆಂಬರ್ 27ರ ಭಾನುವಾರ ದಾವಣಗೆರೆಯಲ್ಲಿ ನಾವೆಲ್ಲ ಸೇರುತ್ತಿರುವುದು ನಿಮಗೆ ಗೊತ್ತೇ ಇದೆ. ಅಂದು ಅಜ್ಜ ಅಜ್ಜಿಯ ಕಾಲದಿಂದ ಈಗಿನ ಮೊಮ್ಮಕ್ಕಳವರೆಗಿನ ಫೋಟೋಗಳನ್ನು ದೊಡ್ಡ ಪರದೆಯಲ್ಲಿ ತೋರಿಸಬೇಕು, ಆಯ್ದ ಇಪ್ಪತ್ತನ್ನು 12×18 ಇಂಚಿಗೆ ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕಬೇಕು ಎಂದಿದ್ದೇವೆ. ಅದಕ್ಕಾಗಿ ಗೂಗಲ್ ಫೋಟೋಸ್‌ನಲ್ಲಿ "ಹೊಳಲ್ಕೆರೆ ಮನೆಯವರು 2026" ಎಂಬ ಆಲ್ಬಮ್ ತೆರೆದಿದ್ದೇವೆ. ಲಿಂಕ್ ಈ ಗುಂಪಿನ ಮೇಲ್ಭಾಗದಲ್ಲಿ ಪಿನ್ ಆಗಿದೆ. ಡಿಸೆಂಬರ್ 6ರೊಳಗೆ ನಿಮ್ಮಲ್ಲಿರುವುದನ್ನು ಹಾಕಿಬಿಡಿ. ಆಮೇಲೆ ಬಂದವು ಪರದೆಗೆ ಬರಬಹುದು, ಪ್ರಿಂಟ್‌ಗೆ ಸಿಗುವುದಿಲ್ಲ.

ದಯವಿಟ್ಟು ಫೋಟೋಗಳನ್ನು ಈ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಮಾಮೂಲಾಗಿ ಕಳಿಸಿದರೆ ವಾಟ್ಸಾಪ್ ಫೋಟೋವನ್ನು ಕುಗ್ಗಿಸುತ್ತದೆ, ಉದ್ದನೆಯ ಬದಿ 1600 ಪಿಕ್ಸೆಲ್ ಆಸುಪಾಸಿಗೆ ಇಳಿಯುತ್ತದೆ. ಅದನ್ನು 18 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 90 ಪಿಕ್ಸೆಲ್ ಕೂಡ ಸಿಗದು, ಮುಖಗಳು ಮಸುಕಾಗುತ್ತವೆ. ಚೆನ್ನಾಗಿ ಕಾಣಲು ಇಂಚಿಗೆ ಕನಿಷ್ಠ 200 ಬೇಕು. ಫೋಟೋ ತೆಗೆದ ತಾರೀಖೂ ವಾಟ್ಸಾಪ್‌ನಲ್ಲಿ ಅಳಿಸಿಹೋಗುತ್ತದೆ, ಹಾಗಾಗಿ ಹತ್ತು ವರ್ಷದ ಹಿಂದಿನ ಮದುವೆ ಫೋಟೋ ಇವತ್ತಿನದೆಂದು ತೋರಿಸುತ್ತದೆ. ವಾಟ್ಸಾಪಿನಲ್ಲಿ ಬಂದ ಫೋಟೋವನ್ನು ನೀವು ಆಲ್ಬಮ್‌ಗೆ ಹಾಕುವುದೂ ಬೇಡ. ಯಾರ ಮೊಬೈಲಿನಲ್ಲಿ ತೆಗೆದದ್ದೋ ಅವರೇ ಹಾಕಲಿ. ಆಗ ಅಸಲಿ ಫೋಟೋ ಸಿಗುತ್ತದೆ, ಒಂದೇ ಚಿತ್ರ ಹದಿನೈದು ಸಲ ಬರುವುದೂ ತಪ್ಪುತ್ತದೆ.

ಮೊಬೈಲಿನಿಂದ ಸೇರಿಸುವ ಕ್ರಮ ಇದು. ಆಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್ ಫೋಟೋಸ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಐಫೋನ್‌ನವರು ಆಪ್ ಸ್ಟೋರ್‌ನಿಂದ ಇಳಿಸಿಕೊಂಡು ನಿಮ್ಮ ಜಿಮೇಲ್‌ನಿಂದ ಲಾಗಿನ್ ಆಗಿ. ಪಿನ್ ಆದ ಲಿಂಕ್ ಒತ್ತಿದರೆ ಆಲ್ಬಮ್ ತೆರೆಯುತ್ತದೆ. "Join" ಕಂಡರೆ ಒತ್ತಿ. ನಂತರ ಮೇಲ್ಗಡೆ, ಚಿತ್ರದ ಪಕ್ಕ ಕೂಡಿಸುವ ಗುರುತಿರುವ ಐಕಾನ್ ಒತ್ತಿ, ಬೇಕಾದ ಫೋಟೋಗಳನ್ನು ಆರಿಸಿ "Add" ಒತ್ತಿ. ಒಂದು ಸಲಕ್ಕೆ ಮೂವತ್ತು ನಲವತ್ತು ಸಾಕು. ಇನ್ನೂರು ಆರಿಸಿ ಒತ್ತಿದರೆ ಮೊಬೈಲ್ ಡೇಟಾದಲ್ಲಿ ಅರ್ಧಕ್ಕೆ ನಿಲ್ಲುತ್ತದೆ, ಯಾವುದು ಹೋಯಿತು ಯಾವುದು ಉಳಿಯಿತು ತಿಳಿಯುವುದಿಲ್ಲ. ವೈಫೈ ಇರುವ ಕಡೆ, ಚಾರ್ಜ್‌ಗೆ ಹಾಕಿ, ಪೂರ್ತಿ ಮುಗಿಯುವವರೆಗೆ ಆಪ್ ತೆರೆದೇ ಇಡಿ. ಬ್ಯಾಟರಿ ಸೇವರ್ ಆನ್ ಇದ್ದರೆ ಅಪ್‌ಲೋಡ್ ನಿಂತುಬಿಡುತ್ತದೆ.

ಲಿಂಕ್ ತೆರೆದರೂ ಸೇರಿಸುವ ಐಕಾನ್ ಕಾಣುತ್ತಿಲ್ಲವೆಂದರೆ ಮೊದಲು ಮೇಲಿನ ಬಲಮೂಲೆಯ ದುಂಡನೆ ಚಿತ್ರ ಒತ್ತಿ, ಯಾವ ಖಾತೆ ತೆರೆದಿದೆ ನೋಡಿ. ಆಫೀಸ್ ಅಥವಾ ಕಾಲೇಜಿನ ಖಾತೆಯಾಗಿದ್ದರೆ ಸ್ವಂತ ಜಿಮೇಲ್‌ಗೆ ಬದಲಾಯಿಸಿ, ಕೆಲವು ಸಂಸ್ಥೆಗಳು ಹೊರಗಿನವರ ಜೊತೆ ಹಂಚಿಕೊಳ್ಳಲು ಬಿಡುವುದಿಲ್ಲ. ಐಫೋನ್‌ನಲ್ಲಿ ಕೆಲವೇ ಫೋಟೋ ಕಾಣಿಸಿದರೆ, ಮೊದಲ ಸಲ ಕೇಳಿದಾಗ ನೀವು ಆಯ್ದ ಫೋಟೋಗಳಿಗೆ ಮಾತ್ರ ಅನುಮತಿ ಕೊಟ್ಟಿದ್ದೀರಿ ಎಂದು ಅರ್ಥ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಫೋಟೋಸ್ ಹುಡುಕಿ, ಫೋಟೋಸ್ ಅನುಮತಿಯನ್ನು "Full Access" ಮಾಡಿ.

ಇನ್ನು ಜಾಗದ ಮಾತು. ಪ್ರತಿ ಗೂಗಲ್ ಖಾತೆಗೆ ಉಚಿತವಾಗಿ 15 ಜಿಬಿ, ಅದು ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. ನೀವು ಹಾಕುವ ಫೋಟೋ ನಿಮ್ಮ ಲೆಕ್ಕಕ್ಕೇ ಹೋಗುತ್ತದೆ. ಫೋಟೋ ಒಂದಕ್ಕೆ 4 ಎಂಬಿ ಎಂದುಕೊಂಡರೆ ನೂರು ಫೋಟೋಗೆ 400 ಎಂಬಿ, ಅಷ್ಟೇನೂ ದೊಡ್ಡದಲ್ಲ. ವಿಡಿಯೋ ಮಾತ್ರ ಜಾಗ ತಿನ್ನುತ್ತದೆ, ಎರಡು ನಿಮಿಷಕ್ಕಿಂತ ಉದ್ದದ್ದನ್ನು ಕತ್ತರಿಸಿ ಹಾಕಿ. ಜಾಗ ತುಂಬಿದೆ ಎಂದು ಬಂದರೆ ಜಿಮೇಲ್‌ನ ಹುಡುಕುವ ಪೆಟ್ಟಿಗೆಯಲ್ಲಿ ಹೀಗೆ ಟೈಪ್ ಮಾಡಿ:

```
larger:10M
```

ಭಾರೀ ಗಾತ್ರದ ಹಳೆಯ ಮೇಲ್‌ಗಳು ಬರುತ್ತವೆ. ಬೇಡದ್ದನ್ನು ಅಳಿಸಿ, ಟ್ರ್ಯಾಶ್ ಕೂಡ ಖಾಲಿ ಮಾಡಿ.

ಇದೊಂದನ್ನು ಮರೆಯಬೇಡಿ: ಆಲ್ಬಮ್‌ಗೆ ಹಾಕಿಯಾಯಿತಲ್ಲ ಎಂದು ಗೂಗಲ್ ಫೋಟೋಸ್‌ನಲ್ಲಿ ಅದೇ ಫೋಟೋ ಅಳಿಸಿದರೆ ಆಲ್ಬಮ್‌ನಿಂದಲೂ ಹೋಗುತ್ತದೆ. ಬ್ಯಾಕಪ್ ಆದ ಫೋಟೋ 60 ದಿನ ಟ್ರ್ಯಾಶ್‌ನಲ್ಲಿರುತ್ತದೆ, ಆಮೇಲೆ ಸಿಗದು. ಫೋನಿನಲ್ಲಿ ಜಾಗ ಮಾಡಿಕೊಳ್ಳಬೇಕಾದರೆ ಅಳಿಸುವ ಬದಲು ಆಪ್‌ನಲ್ಲೇ ಇರುವ "Free up space" ಬಳಸಿ. ಬ್ಯಾಕಪ್ ಆದದ್ದನ್ನು ಅದು ಫೋನಿನಿಂದ ಮಾತ್ರ ತೆಗೆಯುತ್ತದೆ.

ನಮಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿರುವುದು ಟ್ರಂಕಿನಲ್ಲಿ, ಬೀರುವಿನಲ್ಲಿ, ಗೋಡೆಯ ಮೇಲೆ ಇರುವ ಹಳೆಯ ಕಾಗದದ ಫೋಟೋಗಳು. ಅವು ಒಂದೊಂದೇ ಪ್ರತಿ ಇರುವಂಥವು. ಮೊಬೈಲಿನಲ್ಲಿ ತೆಗೆಯುವುದಾದರೆ ಬೆಳಿಗ್ಗೆ ಕಿಟಕಿಯ ಹತ್ತಿರ, ನೇರ ಬಿಸಿಲು ಬೀಳದ ಕಡೆ, ಬಿಳಿ ಬಟ್ಟೆಯ ಮೇಲೆ ಚಪ್ಪಟೆಯಾಗಿಡಿ. ಫ್ಲ್ಯಾಶ್ ಆಫ್ ಇರಲಿ. ಮೊಬೈಲ್ ಫೋಟೋಗೆ ಸಮಾನಾಂತರವಾಗಿ ನೇರ ಮೇಲೆ ಇರಬೇಕು, ಓರೆಯಾದರೆ ಒಂದು ಬದಿಯ ಮುಖಗಳು ಸಣ್ಣದಾಗುತ್ತವೆ. ಹೊಳಪಿನ ಕಾಗದವಾಗಿದ್ದರೆ ಗೂಗಲ್‌ನದೇ ಫೋಟೋಸ್ಕ್ಯಾನ್ ಆಪ್ ಬಳಸಿ. ನಾಲ್ಕು ಚುಕ್ಕಿಗಳ ಮೇಲೆ ಒಂದೊಂದಾಗಿ ಮೊಬೈಲ್ ಸರಿಸಿದರೆ ಬೆಳಕಿನ ಹೊಳಪನ್ನು ಅದೇ ತೆಗೆಯುತ್ತದೆ. ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೋವನ್ನು ಖಂಡಿತ ಎಳೆಯಬೇಡಿ, ಮೇಲಿನ ಪದರ ಗಾಜಿನಲ್ಲೇ ಉಳಿದುಬಿಡುತ್ತದೆ. ಗಾಜಿನ ಸಮೇತ ತೆಗೆದರೆ ಸಾಕು. ಒದ್ದೆ ಬಟ್ಟೆಯಿಂದ ಒರೆಸುವುದೂ ಬೇಡ, ಒಣ ಮೆತ್ತನೆ ಬಟ್ಟೆಯಲ್ಲಿ ಧೂಳು ಕೊಡವಿ.

ಪ್ರಿಂಟ್‌ಗೆ ಯೋಗ್ಯ ಅನಿಸುವ ಫೋಟೋಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸುವುದೇ ಮೇಲು. "600 ಡಿಪಿಐ, ಕಲರ್, ಜೆಪಿಜಿ" ಎಂದು ಬಾಯಿಬಿಟ್ಟು ಹೇಳಿ. ಕಪ್ಪುಬಿಳುಪಾದರೂ ಕಲರ್‌ನಲ್ಲೇ ಇರಲಿ, ಹಳೆಯ ಕಂದು ಛಾಯೆ ಉಳಿಯುತ್ತದೆ. 4×6 ಇಂಚಿನ ಫೋಟೋ 600 ಡಿಪಿಐನಲ್ಲಿ 2400×3600 ಪಿಕ್ಸೆಲ್ ಬರುತ್ತದೆ, 12×18ಕ್ಕೆ ಸರಿಯಾಗಿ ಇಂಚಿಗೆ 200. ಅದಕ್ಕಿಂತ ಚಿಕ್ಕ ಫೋಟೋಗೆ 1200 ಹೇಳಿ. ಅಂಗಡಿಯವರು ವಾಟ್ಸಾಪ್ ಮಾಡುತ್ತೇನೆ ಎಂದರೆ ಬೇಡವೆನ್ನಿ, ಪೆನ್‌ಡ್ರೈವ್ ಕೊಂಡೊಯ್ಯಿರಿ.

ಫೋಟೋದ ಹಿಂಭಾಗವನ್ನೂ ಒಂದು ಸಲ ತೆಗೆಯಿರಿ. ಸ್ಟುಡಿಯೋ ಮೊಹರು, ಊರು, ಇಸವಿ, ಯಾರೋ ಬರೆದ ಎರಡು ಸಾಲು ಅಲ್ಲಿರುತ್ತವೆ. ನೀವು ಹೊಸದಾಗಿ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ, ಒತ್ತಿದ ಗೆರೆ ಮುಂಭಾಗಕ್ಕೆ ಮೂಡುತ್ತದೆ.

ಸ್ಕ್ಯಾನ್ ಆದ ಫೋಟೋಗೆ ಫೋನ್ ಇವತ್ತಿನ ತಾರೀಖು ಕೊಡುವುದರಿಂದ ಆಲ್ಬಮ್‌ಗೆ ಸೇರಿಸುವ ಮೊದಲೇ ತಿದ್ದಿ: ಫೋಟೋ ತೆರೆದು ಮೇಲಕ್ಕೆ ಸರಿಸಿ, ತಾರೀಖಿನ ಪಕ್ಕದ ಪೆನ್ಸಿಲ್ ಒತ್ತಿ. ಇಸವಿ ಅಂದಾಜಾದರೂ ಆಗಬಹುದು. ಸೇರಿಸಿದ ಮೇಲೆ ಆಲ್ಬಮ್‌ನಲ್ಲಿ ಆ ಫೋಟೋ ತೆರೆದು ಕಾಮೆಂಟ್ ಬರೆಯಿರಿ. ಎಡದಿಂದ ಬಲಕ್ಕೆ ಯಾರು ಯಾರು, ಎಲ್ಲಿ, ಯಾವ ಸಂದರ್ಭ ಎಂದಿರಲಿ. ಉದಾಹರಣೆಗೆ: "ನಿಂತವರು ಎಡದಿಂದ ದೊಡ್ಡಪ್ಪ, ಸೋದರತ್ತೆ, ನಮ್ಮಪ್ಪ. ಕೂತವರು ಅಜ್ಜ, ಅಜ್ಜಿ. ಚಿತ್ರದುರ್ಗದ ಕೋಟೆ, ಸುಮಾರು 1974." ಗುರುತು ಸಿಗದವರಿದ್ದರೆ "ಇವರು ಯಾರು?" ಎಂದೇ ಬರೆಯಿರಿ. ದೊಡ್ಡಮ್ಮಂದಿರು, ಅತ್ತೆಯಂದಿರು ನೋಡಿ ಹೇಳುತ್ತಾರೆ. ಅವರಲ್ಲದೆ ಈ ಹೆಸರುಗಳನ್ನು ಹೇಳುವವರು ಇನ್ನು ಹೆಚ್ಚು ಮಂದಿ ಉಳಿದಿಲ್ಲ. ಅದಕ್ಕೇ ಇಷ್ಟು ಒತ್ತಿ ಕೇಳುತ್ತಿದ್ದೇವೆ.

ಲಿಂಕ್ ಸಿಕ್ಕವರೆಲ್ಲ ಆಲ್ಬಮ್ ನೋಡಬಹುದು, ಆದ್ದರಿಂದ ಬೇರೆ ಗುಂಪುಗಳಿಗೆ ಫಾರ್ವರ್ಡ್ ಮಾಡಬೇಡಿ. ಮಕ್ಕಳ ಸ್ನಾನದ ಫೋಟೋ, ಆಸ್ಪತ್ರೆಯ ಫೋಟೋ, ಆಧಾರ್ ಅಥವಾ ಪತ್ರಗಳ ಫೋಟೋ ಬೇಡ. ತಮ್ಮ ಫೋಟೋ ಬೇಡವೆಂದು ಯಾರೇ ಹೇಳಿದರೂ ಕಾರಣ ಕೇಳದೆ ತೆಗೆಯುತ್ತೇವೆ.

ಕೀಪ್ಯಾಡ್ ಫೋನ್ ಇರುವ ಹಿರಿಯರು ಮತ್ತು ಹಳೆಯ ಆಲ್ಬಮ್ ಇರುವವರು ನವೆಂಬರ್ 22 ಅಥವಾ 29ರ ಭಾನುವಾರ ಬೆಳಿಗ್ಗೆ 10ರಿಂದ 1ರವರೆಗೆ ವಿದ್ಯಾನಗರದ ಚಿಕ್ಕಪ್ಪನ ಮನೆಗೆ ಬನ್ನಿ, ಇಲ್ಲವೇ ಬರುವವರ ಕೈಲಿ ಕೊಟ್ಟು ಕಳಿಸಿ. ಸ್ಕ್ಯಾನರ್ ಅಲ್ಲೇ ಇರುತ್ತದೆ. ನಿಮ್ಮ ಕಣ್ಣೆದುರೇ ಸ್ಕ್ಯಾನ್ ಮಾಡಿ ಆಗಲೇ ವಾಪಸ್ ಕೊಡುತ್ತೇವೆ, ಯಾವ ಫೋಟೋವನ್ನೂ ಇಟ್ಟುಕೊಳ್ಳುವುದಿಲ್ಲ. ಎಲ್ಲಿಯಾದರೂ ಸಿಕ್ಕಿಹಾಕಿಕೊಂಡರೆ ಆ ಪರದೆಯ ಸ್ಕ್ರೀನ್‌ಶಾಟ್ ತೆಗೆದು ನಮ್ಮಿಬ್ಬರಲ್ಲಿ ಒಬ್ಬರಿಗೆ ಕಳಿಸಿ. ರಾತ್ರಿ 8ರ ನಂತರ ಫೋನ್ ಮಾಡಿ ಜೊತೆಗಿದ್ದು ಮಾಡಿಸುತ್ತೇವೆ.

ನಿಮ್ಮ,
ಮಂಜುನಾಥ, ಶ್ವೇತಾ